ಜಾಹೀರಾತಿಲ್ಲದ ಇಂಟರ್ನ್‌ಶಿಪ್‌ಗಾಗಿ ಸ್ಟಾರ್ಟ್‌ಅಪ್ ಸಂಸ್ಥಾಪಕರಿಗೆ ಇಮೇಲ್ ಬರೆಯುವ ಬಗೆ

ಹತ್ತು ಹನ್ನೆರಡು ಜನರಿದ್ದ ಕಂಪನಿಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಇಂಟರ್ನ್‌ಶಿಪ್ ಕೇಳಿಕೊಂಡು ಬರುತ್ತಿದ್ದ ಇಮೇಲ್‌ಗಳನ್ನು ಸಂಸ್ಥಾಪಕರು ನನ್ನ ಕಡೆಗೆ ಕಳುಹಿಸುತ್ತಿದ್ದರು. ಬಹುಪಾಲು ಇಮೇಲ್‌ಗಳಲ್ಲಿ ಇರುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಇಂಟರ್ನ್‌ಶಿಪ್ ಅವಕಾಶ ಇದೆಯೇ?" ಅದಕ್ಕೆ ಪ್ರಾಮಾಣಿಕ ಉತ್ತರ "ಇಲ್ಲ" ಎಂಬುದೇ ಆಗಿತ್ತು, ಏಕೆಂದರೆ ಅಂಥ ಹುದ್ದೆಯನ್ನು ನಮ್ಮಲ್ಲಿ ಯಾರೂ ರೂಪಿಸಿರಲಿಲ್ಲ. ಆದರೆ ಅದೇ ಹೊತ್ತಿನಲ್ಲಿ ನಮ್ಮ ಗೋಡೆಯ ಬಿಳಿ ಹಲಗೆಯ ಒಂದು ಮೂಲೆಯಲ್ಲಿ, "ಆಮೇಲೆ" ಎಂದು ಬರೆದು ಗೆರೆ ಎಳೆದ ಜಾಗದಲ್ಲಿ, ಏಳೆಂಟು ಕೆಲಸಗಳು ತಿಂಗಳುಗಟ್ಟಲೆ ಹಾಗೆಯೇ ಉಳಿದಿದ್ದವು. ಪ್ರಕಟವಾಗದ ಇಂಟರ್ನ್‌ಶಿಪ್ ಎಂದರೆ ಹೆಚ್ಚಿನ ಸಲ ಆ ಮೂಲೆಯಲ್ಲಿ ಉಳಿದ ಕೆಲಸವೇ.

ಇಂಥ ಕೆಲಸಗಳಿಗೆ ಜಾಹೀರಾತು ಏಕೆ ಬರುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸಣ್ಣ ಕಂಪನಿಯಲ್ಲಿ ಎಚ್ಆರ್ ವಿಭಾಗ ಇರುವುದಿಲ್ಲ. ಜಾಹೀರಾತು ಹಾಕಿದರೆ ರಾಶಿ ಅರ್ಜಿಗಳು ಬರುತ್ತವೆ, ಅವುಗಳನ್ನು ಓದಿ ಆರಿಸಲು ಯಾರಾದರೊಬ್ಬ ಎಂಜಿನಿಯರ್ ತನ್ನ ಕೆಲಸವನ್ನು ಬಿಟ್ಟು ಕೂರಬೇಕಾಗುತ್ತದೆ. ಆರಿಸಿದ ಮೇಲೆಯೂ ಬಂದವರಿಗೆ ಏನು ಕೆಲಸ ಕೊಡುವುದು, ಅದನ್ನು ಯಾರು ನೋಡಿಕೊಳ್ಳುವುದು, ಎರಡು ತಿಂಗಳಲ್ಲಿ ಮುಗಿಯುವಂತೆ ಅದನ್ನು ಹೇಗೆ ಕತ್ತರಿಸಿ ಕೊಡುವುದು ಎಂದು ಯೋಚಿಸಬೇಕು. ಆದ್ದರಿಂದ ನಿಮ್ಮ ಇಮೇಲ್ ಆ ಯೋಚನೆಯ ದೊಡ್ಡ ಭಾಗವನ್ನು ತಾನೇ ಮಾಡಿ ಮುಗಿಸಿರಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಇದೊಂದೇ ಉದ್ದೇಶಕ್ಕಾಗಿ ಇವೆ.

ಮೊದಲ ಹಂತ: ಐದು ಕಂಪನಿಗಳನ್ನು ಆರಿಸಿಕೊಳ್ಳುವುದು

ಐವತ್ತು ಕಂಪನಿಗಳಿಗೆ ಒಂದೇ ಪತ್ರವನ್ನು ಕಳುಹಿಸುವುದಕ್ಕಿಂತ ಐದು ಕಂಪನಿಗಳಿಗೆ ಐದು ಬೇರೆ ಬೇರೆ ಪತ್ರಗಳನ್ನು ಬರೆಯುವುದು ಫಲ ಕೊಡುತ್ತದೆ. ನನ್ನ ಅನುಭವದಲ್ಲಿ ಸುಮಾರು ಐದರಿಂದ ಮೂವತ್ತು ಜನರಿರುವ, ಈಗಾಗಲೇ ಗ್ರಾಹಕರು ಬಳಸುತ್ತಿರುವ ಉತ್ಪನ್ನವುಳ್ಳ ಕಂಪನಿಗಳೇ ಇದಕ್ಕೆ ಸೂಕ್ತ. ಅದಕ್ಕಿಂತ ಚಿಕ್ಕದಾಗಿದ್ದರೆ ನಿಮಗೆ ಕಲಿಸಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ದೊಡ್ಡದಾಗಿದ್ದರೆ ಸಂಸ್ಥಾಪಕರು ನಿಮ್ಮ ಪತ್ರವನ್ನು ಓದದೆಯೇ ಎಚ್ಆರ್‌ಗೆ ರವಾನಿಸುತ್ತಾರೆ.

ಹೆಸರುಗಳು ಎಲ್ಲಿ ಸಿಗುತ್ತವೆ ಎಂದರೆ, ಸುದ್ದಿಯಲ್ಲಿ ಬರುವ ದೊಡ್ಡ ಹೆಸರುಗಳನ್ನು ಬದಿಗಿಟ್ಟು, ಹೊಸ ಕಂಪನಿಗಳು ಬೆಳೆಯಲು ನೆರವಾಗುವ ಇನ್‌ಕ್ಯುಬೇಟರ್‌ಗಳ ಪಟ್ಟಿಗಳನ್ನು ನೋಡಬೇಕು. ಬೆಂಗಳೂರಿನಲ್ಲಿ ಐಐಎಂನ ಎನ್ಎಸ್ಆರ್‌ಸಿಇಎಲ್, ಜೀವವಿಜ್ಞಾನದ ಕಂಪನಿಗಳಿಗಾಗಿ ಸಿ-ಕ್ಯಾಂಪ್, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಇಂಥವು ತಾವು ಬೆಂಬಲಿಸಿರುವ ಕಂಪನಿಗಳ ಹೆಸರನ್ನು ತಮ್ಮ ಜಾಲತಾಣಗಳಲ್ಲಿ ಹಾಕಿಕೊಂಡಿರುತ್ತವೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಅನುದಾನಕ್ಕೆ ಆಯ್ಕೆಯಾದ ಕಂಪನಿಗಳನ್ನೂ ಗಮನಿಸಬಹುದು. ಹಾವೇರಿ ಅಥವಾ ಹಾಸನದ ವಿದ್ಯಾರ್ಥಿಗೆ ಇವುಗಳಿಂದ ಇನ್ನೊಂದು ಅನುಕೂಲವಿದೆ: ಕೃಷಿ, ನೀರಾವರಿ, ಹೈನುಗಾರಿಕೆಗೆ ಸಂಬಂಧಿಸಿದ ಕಂಪನಿಗಳು ಅಲ್ಲಿ ಸಾಕಷ್ಟು ಕಾಣಸಿಗುತ್ತವೆ, ಮತ್ತು ಆ ವಿಷಯಗಳಲ್ಲಿ ಕೋರಮಂಗಲದಲ್ಲಿ ಕುಳಿತವರಿಗಿಂತ ನಿಮಗೆ ಹೆಚ್ಚು ಗೊತ್ತಿರುತ್ತದೆ.

ಹೆಸರು ಸಿಕ್ಕ ಮೇಲೆ ಕಂಪನಿ ನಿಜವಾಗಿಯೂ ನೋಂದಣಿಯಾಗಿದೆಯೇ, ಯಾವ ವರ್ಷ ಆಯಿತು, ನಿರ್ದೇಶಕರು ಯಾರು ಎಂಬುದನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಪರಿಶೀಲಿಸಿ. ಆದರೆ ಅಲ್ಲಿ ಕಂಪನಿಯದೆಂದು ದಾಖಲಾಗಿರುವ ಇಮೇಲ್ ವಿಳಾಸಕ್ಕೆ ಅರ್ಜಿಯನ್ನು ಕಳುಹಿಸಬೇಡಿ, ಏಕೆಂದರೆ ಎಷ್ಟೋ ಸಲ ಅದು ಕಾಗದಪತ್ರ ಸಲ್ಲಿಸಿದ ಲೆಕ್ಕಪರಿಶೋಧಕರ ಕಚೇರಿಯ ವಿಳಾಸವಾಗಿರುತ್ತದೆ.

ಇಬ್ಬರು ಮೂವರು ಸಂಸ್ಥಾಪಕರಿದ್ದರೆ, ನೀವು ಮಾಡಬಯಸುವ ಕೆಲಸ ಯಾರ ಕೈಕೆಳಗೆ ಬರುತ್ತದೆಯೋ ಅವರಿಗೆ ಮಾತ್ರ ಬರೆಯಿರಿ. ಎಲ್ಲರಿಗೂ ಒಟ್ಟಿಗೆ ಕಳುಹಿಸಿದರೆ, ಇನ್ನೊಬ್ಬರು ಉತ್ತರಿಸುತ್ತಾರೆ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ.

ಎರಡನೆಯ ಹಂತ: ಉಳಿದುಹೋದ ಕೆಲಸವನ್ನು ಹುಡುಕುವುದು

ಪತ್ರದ ತೂಕವೆಲ್ಲ ಈ ಹಂತದಲ್ಲಿದೆ, ಆದ್ದರಿಂದ ಒಂದು ಕಂಪನಿಗೆ ಎರಡು ಸಂಜೆಗಳನ್ನಾದರೂ ಇದಕ್ಕೆ ಮೀಸಲಿಡಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಂಬಾಲಿಸೋಣ. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಆರನೆಯ ಸೆಮಿಸ್ಟರಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳು, ತೋಟದ ಬೋರ್‌ವೆಲ್ ಮೋಟಾರನ್ನು ಮೊಬೈಲಿನಿಂದಲೇ ಹಾಕಿ ಆರಿಸುವ ಸಾಧನ ತಯಾರಿಸುವ ಕಂಪನಿಯೊಂದನ್ನು ಆರಿಸಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಸಿಮ್ ಇರುವ ಸಾಧನವೊಂದನ್ನು ಕೂರಿಸಿ, ಮೋಟಾರು ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಆಪ್‌ನಲ್ಲಿ ತೋರಿಸುವ ಉತ್ಪನ್ನ ಅದು. ಅವಳ ಚಿಕ್ಕಪ್ಪನ ತೋಟದಲ್ಲಿಯೂ ಅದೇ ಸಾಧನವಿದೆ.

ಅವಳು ಮೊದಲು ಪ್ಲೇ ಸ್ಟೋರಿನಲ್ಲಿ ಆ ಆಪ್‌ಗೆ ಬಂದಿರುವ ಅಭಿಪ್ರಾಯಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಂಡು 80 ಅಭಿಪ್ರಾಯಗಳನ್ನು ಓದುತ್ತಾಳೆ ಮತ್ತು ಪ್ರತಿಯೊಂದು ದೂರು ಯಾವ ಬಗೆಯದು ಎಂದು ಒಂದು ಶೀಟಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. 17 ಜನ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿರುವುದು ಕಾಣುತ್ತದೆ: ಕರೆಂಟು ಹೋಗಿ ಬಂದ ಮೇಲೆ ಆಪ್ ಬಹಳ ಹೊತ್ತು ಹಳೆಯ ಸ್ಥಿತಿಯನ್ನೇ ತೋರಿಸುತ್ತದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ಪಾಳಿಯಲ್ಲಿ ಬರುವ ಊರಿನಲ್ಲಿ ಇದು ಸಣ್ಣ ತೊಂದರೆಯಲ್ಲ, ಏಕೆಂದರೆ ರೈತನು ರಾತ್ರಿ ಎದ್ದು ನೋಡುವ ಆ ಕೆಲವು ನಿಮಿಷಗಳಿಗಾಗಿಯೇ ಈ ಸಾಧನವನ್ನು ಕೊಂಡಿರುತ್ತಾನೆ. ಬಳಿಕ ಅವಳು ಒಂದು ವಾರಾಂತ್ಯ ತೋಟಕ್ಕೆ ಹೋಗಿ ಸ್ಟಾರ್ಟರಿನ ದೀಪ ಹೊತ್ತಿದ ಸಮಯವನ್ನೂ ಆಪ್‌ನಲ್ಲಿ ಸ್ಥಿತಿ ಬದಲಾದ ಸಮಯವನ್ನೂ ಗಡಿಯಾರ ನೋಡಿ ಬರೆದುಕೊಳ್ಳುತ್ತಾಳೆ. ಮೂರು ಸಲ ನೋಡಿದಾಗ ಅಂತರವು 4, 6 ಮತ್ತು 11 ನಿಮಿಷಗಳಷ್ಟಿರುತ್ತದೆ.

ಇಲ್ಲಿಯವರೆಗೆ ಅವಳ ಕೈಯಲ್ಲಿರುವುದು ದೂರು ಮಾತ್ರ. ಅದನ್ನು ಕೆಲಸವಾಗಿ ಬದಲಾಯಿಸಲು ಇನ್ನೊಂದು ಹೆಜ್ಜೆ ಬೇಕು. ಈ ತಡ ಮೂರು ಕಡೆ ಆಗಬಹುದು: ಸಿಮ್ ಮತ್ತೆ ನೆಟ್‌ವರ್ಕ್ ಹಿಡಿಯುವಾಗ, ಸಾಧನವು ಸರ್ವರ್ ಜೊತೆ ಮತ್ತೆ ಸಂಪರ್ಕ ಸಾಧಿಸುವಾಗ, ಅಥವಾ ಸರ್ವರಿಗೆ ತಲುಪಿದ ಮಾಹಿತಿಯನ್ನು ಆಪ್ ಪರದೆಗೆ ತರುವಾಗ. ಇವುಗಳಲ್ಲಿ ಯಾವುದು ಎಂದು ಹೊರಗಿನಿಂದ ಹೇಳಲಾಗದು. ಆದರೆ ರಿಲೇ ಎಂಬ, ತಾನಾಗಿ ಹಾಕಿ ಆರಿಸುವ ಸ್ವಿಚ್ಚೊಂದನ್ನು ಇಟ್ಟು ಸಾಧನದ ವಿದ್ಯುತ್ತನ್ನು ನೂರಾರು ಸಲ ಕಡಿದು ಕೊಟ್ಟು, ಪ್ರತಿ ಸಲವೂ ಮೂರೂ ಘಟ್ಟಗಳ ಸಮಯವನ್ನು ದಾಖಲಿಸಿದರೆ ಖಂಡಿತ ತಿಳಿಯುತ್ತದೆ. ಇದು ಬೇಸರದ, ದೀರ್ಘವಾದ, ಆದರೆ ಮೊದಲು ಕೊನೆಗಳಿರುವ ಕೆಲಸ. ಕಂಪನಿಯ ಎಂಜಿನಿಯರುಗಳಿಗೆ ಇದು ಬೇಕೆಂದು ಗೊತ್ತಿದ್ದರೂ ಕೈ ಹಾಕಲು ಸಮಯವಿರುವುದಿಲ್ಲ, ವಿದ್ಯಾರ್ಥಿಯೊಬ್ಬಳು ಎಂಟು ವಾರಗಳಲ್ಲಿ ಅದನ್ನು ಮುಗಿಸಬಲ್ಲಳು. "ಆಮೇಲೆ" ಎಂಬ ಮೂಲೆಯಲ್ಲಿರುವುದು ಇಂಥವೇ: ಪರೀಕ್ಷೆ, ಅಳತೆ, ಹಳೆಯ ಮಾಹಿತಿಯನ್ನು ಶುಚಿಗೊಳಿಸುವುದು, ಬಳಕೆದಾರರ ಕೈಪಿಡಿ, ಕನ್ನಡ ಅನುವಾದದ ತಿದ್ದುಪಡಿ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ನೀವು ಕಂಡ ದೋಷದ ಕಾರಣ ಇದೇ ಎಂದು ತೀರ್ಪು ಕೊಡಬೇಡಿ. ಒಳಗಿನ ಸಂಗತಿ ನಿಮಗೆ ಗೊತ್ತಿಲ್ಲ, ಮತ್ತು ತಪ್ಪು ತೀರ್ಪು ನೀವು ಮಾಡಿದ ಸರಿಯಾದ ಅಳತೆಯನ್ನೂ ಹಾಳು ಮಾಡುತ್ತದೆ. ಎರಡನೆಯದಾಗಿ, ಬೇರೆಯವರ ಮಾಹಿತಿ ಕಾಣುವಂಥ ಭದ್ರತಾ ಲೋಪವೇನಾದರೂ ಕಣ್ಣಿಗೆ ಬಿದ್ದರೆ ಅದನ್ನು ಇಂಟರ್ನ್‌ಶಿಪ್ ಕೋರಿಕೆಯೊಂದಿಗೆ ಸೇರಿಸಲೇಬೇಡಿ. ನಿಮ್ಮ ಮನಸ್ಸಿನಲ್ಲಿ ಏನಿದ್ದರೂ ಓದುವವರಿಗೆ ಅದು ಬೆದರಿಕೆಯಂತೆ ಕೇಳಿಸುತ್ತದೆ. ಅದನ್ನು ಪ್ರತ್ಯೇಕವಾಗಿ, ಏನನ್ನೂ ಕೇಳದೆ ತಿಳಿಸಿ, ಇಂಟರ್ನ್‌ಶಿಪ್ ಪತ್ರಕ್ಕೆ ಬೇರೆ ವಿಷಯವನ್ನೋ ಬೇರೆ ಕಂಪನಿಯನ್ನೋ ಆರಿಸಿಕೊಳ್ಳಿ.

ಮೂರನೆಯ ಹಂತ: ವಿಳಾಸ

ಸಂಸ್ಥಾಪಕರು ತಾವಾಗಿಯೇ ಪ್ರಕಟಿಸಿರುವ ವಿಳಾಸವನ್ನು ಮೊದಲು ಹುಡುಕಿ. ಕಂಪನಿಯ ಜಾಲತಾಣ, ಅವರು ಭಾಷಣ ಮಾಡಿದ ಸಮ್ಮೇಳನದ ಸ್ಲೈಡುಗಳು, ಅವರ ಲಿಂಕ್ಡ್‌ಇನ್ ಪುಟ, ಇವುಗಳಲ್ಲಿ ಒಂದರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸಿಗದಿದ್ದರೆ, ಸಣ್ಣ ಕಂಪನಿಗಳಲ್ಲಿ ಮೊದಲ ಹೆಸರಿನ ಮುಂದೆ ಕಂಪನಿಯ ಡೊಮೇನ್ ಸೇರಿಸಿದರೆ ವಿಳಾಸವಾಗುವುದು ಸಾಮಾನ್ಯ. ಅದನ್ನು ಒಮ್ಮೆ ಪ್ರಯತ್ನಿಸಬಹುದು. ತಪ್ಪಾಗಿದ್ದರೆ ಜಿಮೇಲ್‌ನಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ "Address not found" ಎಂಬ ಸೂಚನೆ ಮರಳಿ ಬರುತ್ತದೆ. ಐದಾರು ಊಹೆಗಳನ್ನು ಒಂದೇ ಪತ್ರದಲ್ಲಿ ತುಂಬಿ ಕಳುಹಿಸಬೇಡಿ. ಸಂಪರ್ಕಕ್ಕೆಂದು ಕೊಟ್ಟಿರುವ ಸಾಮಾನ್ಯ ವಿಳಾಸವೂ ಹತ್ತು ಜನರ ಕಂಪನಿಯಲ್ಲಿ ಕೆಟ್ಟ ದಾರಿಯೇನಲ್ಲ, ಅದನ್ನು ಸಂಸ್ಥಾಪಕರೇ ಓದುತ್ತಿರುವುದುಂಟು. ವೈಯಕ್ತಿಕ ಮೊಬೈಲ್ ಸಂಖ್ಯೆಯನ್ನು ಎಲ್ಲಿಂದಲೋ ಪಡೆದು ವಾಟ್ಸಾಪ್ ಮಾಡುವುದು ಮಾತ್ರ ಬೇಡ.

ನಾಲ್ಕನೆಯ ಹಂತ: ಪತ್ರವನ್ನು ಬರೆಯುವುದು

ಪತ್ರವು ಮೊಬೈಲಿನ ಪರದೆಯಲ್ಲಿ ಒಂದೂವರೆ ಬಾರಿ ಸರಿಸಿದರೆ ಮುಗಿಯುವಷ್ಟಿರಬೇಕು. ಸಾಮಾನ್ಯವಾಗಿ ಇಂಥ ಪತ್ರಗಳು ಇಂಗ್ಲಿಷಿನಲ್ಲಿಯೇ ಹೋಗುತ್ತವೆ. ಸಂಸ್ಥಾಪಕರು ಸಾರ್ವಜನಿಕವಾಗಿ ಕನ್ನಡದಲ್ಲಿ ಬರೆಯುವವರಾಗಿದ್ದರೆ, ಅಥವಾ ನೀವು ಪ್ರಸ್ತಾಪಿಸುವ ಕೆಲಸವೇ ಕನ್ನಡಕ್ಕೆ ಸಂಬಂಧಿಸಿದ್ದರೆ, ಕನ್ನಡದಲ್ಲಿ ಬರೆಯುವುದೇ ಸರಿ. ನಮ್ಮ ವಿದ್ಯಾರ್ಥಿನಿ ಬರೆದ ಪತ್ರ ಹೀಗಿದೆ ಎಂದುಕೊಳ್ಳೋಣ.

> ವಿಷಯ: ಕರೆಂಟು ಬಂದ ಮೇಲೆ ಆಪ್‌ನಲ್ಲಿ ತಡ: 8 ವಾರಗಳ ಪ್ರಸ್ತಾವ
>
> ______ ಅವರಿಗೆ ನಮಸ್ಕಾರ,
>
> ನಮ್ಮ ಚಿಕ್ಕಪ್ಪನ ತೋಟದಲ್ಲಿ ನಿಮ್ಮ ಸಾಧನವನ್ನು ಎರಡು ವರ್ಷಗಳಿಂದ ಬಳಸುತ್ತಿದ್ದಾರೆ. ಕರೆಂಟು ಹೋಗಿ ಬಂದ ಮೇಲೆ ಆಪ್‌ನಲ್ಲಿ ಮೋಟಾರಿನ ಸ್ಥಿತಿ ಬದಲಾಗಲು ಎಷ್ಟು ಹೊತ್ತಾಗುತ್ತದೆ ಎಂದು ಕಳೆದ ವಾರ ಮೂರು ಸಲ ಅಳೆದೆ: 4, 6 ಮತ್ತು 11 ನಿಮಿಷ. ಪ್ಲೇ ಸ್ಟೋರಿನ ಇತ್ತೀಚಿನ 80 ಅಭಿಪ್ರಾಯಗಳಲ್ಲಿ 17 ಇದೇ ವಿಷಯವನ್ನು ಹೇಳುತ್ತವೆ. ಒಂದು ಪುಟದ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ.
>
> ತಡವು ಸಿಮ್, ಸರ್ವರ್ ಸಂಪರ್ಕ, ಆಪ್ ಇವುಗಳಲ್ಲಿ ಎಲ್ಲಿ ಆಗುತ್ತಿದೆ ಎಂಬುದು ನನಗೆ ಹೊರಗಿನಿಂದ ತಿಳಿಯದು. ರಿಲೇ ಬಳಸಿ ವಿದ್ಯುತ್ತನ್ನು ತಾನಾಗಿ ಕಡಿದು ಕೊಡುವ ಪರೀಕ್ಷಾ ವ್ಯವಸ್ಥೆಯನ್ನು ಕಟ್ಟಿ, ಬೇರೆ ಬೇರೆ ಸಿಮ್‌ಗಳಲ್ಲಿ ಈ ಮೂರು ಘಟ್ಟಗಳ ಸಮಯವನ್ನು ಅಳೆದು ಕೊಡುವ ಕೆಲಸವನ್ನು ಇಂಟರ್ನ್ ಆಗಿ ಮಾಡಲು ಇಚ್ಛಿಸುತ್ತೇನೆ.
>
> ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಆರನೆಯ ಸೆಮಿಸ್ಟರಿನಲ್ಲಿದ್ದೇನೆ. ಕಳೆದ ಸೆಮಿಸ್ಟರಿನಲ್ಲಿ ಇಎಸ್‌ಪಿ32 ಬಳಸಿ ನೀರಿನ ತೊಟ್ಟಿಯ ಮಟ್ಟವನ್ನು ದಾಖಲಿಸುವ ಸಾಧನ ಮಾಡಿದ್ದೆ. ಅದರ ಕೋಡ್ ಮತ್ತು ಎರಡು ನಿಮಿಷದ ವಿಡಿಯೋ ಟಿಪ್ಪಣಿಯ ಕೊನೆಯಲ್ಲಿವೆ. ಜೂನ್ 15ರಿಂದ ಆಗಸ್ಟ್ 8ರವರೆಗೆ ಪೂರ್ಣಾವಧಿ ಬಿಡುವಿದೆ, ಬೆಂಗಳೂರಿಗೆ ಬಂದು ಇರಬಲ್ಲೆ.
>
> ಈ ಕೆಲಸ ನಿಮಗೆ ಉಪಯೋಗವಾಗುವಂತಿದ್ದರೆ, ಮುಂದಿನ ವಾರ 15 ನಿಮಿಷ ಫೋನಿನಲ್ಲಿ ಮಾತನಾಡಲು ಸಾಧ್ಯವೇ?
>
> ವಂದನೆಗಳೊಂದಿಗೆ,
> ______

ವಿಷಯದ ಸಾಲಿನಲ್ಲಿ ಸಮಸ್ಯೆ ಮೊದಲು ಬಂದಿದೆ, ಏಕೆಂದರೆ ಮೊಬೈಲಿನಲ್ಲಿ ಆ ಸಾಲಿನ ಕೊನೆ ಕತ್ತರಿಸಿ ಹೋಗುತ್ತದೆ. "ಇಂಟರ್ನ್‌ಶಿಪ್ ಕೋರಿಕೆ" ಎಂದು ಆರಂಭಿಸಿದ್ದರೆ ಆ ದಿನದ ಉಳಿದ ಅರ್ಜಿಗಳ ಸಾಲಿನಲ್ಲಿ ಇದೂ ಒಂದಾಗುತ್ತಿತ್ತು. ಮೊದಲ ವಾಕ್ಯದಲ್ಲಿ ಕಂಪನಿಯ ಹೊಗಳಿಕೆ ಇಲ್ಲ, ಬಳಸಿದ ಸಂಗತಿ ಇದೆ. ಹೊಗಳಿಕೆಯನ್ನು ಯಾರು ಬೇಕಾದರೂ ಬರೆಯಬಹುದು, ಆದರೆ 4, 6, 11 ಎಂಬ ಅಂಕಿಗಳನ್ನು ತೋಟಕ್ಕೆ ಹೋದವರು ಮಾತ್ರ ಬರೆಯಬಲ್ಲರು. ತನ್ನ ಪರಿಚಯವನ್ನು ಅವಳು ಮೂರನೆಯ ಪ್ಯಾರಾದವರೆಗೆ ತಡೆದಿದ್ದಾಳೆ, ಮತ್ತು ಅಲ್ಲಿಯೂ ಈ ಕೆಲಸಕ್ಕೆ ಸಂಬಂಧಿಸಿದ ಒಂದೇ ಪ್ರಾಜೆಕ್ಟನ್ನು ಹೇಳಿದ್ದಾಳೆ. ಸಿಜಿಪಿಎ, ಬಹುಮಾನಗಳು, ಕಾಲೇಜು ಹಬ್ಬದ ಜವಾಬ್ದಾರಿಗಳು ಇಲ್ಲಿ ಬೇಕಿಲ್ಲ.

ಕೊನೆಯ ಪ್ರಶ್ನೆಯನ್ನು ಗಮನಿಸಿ. "ಅವಕಾಶ ಇದೆಯೇ" ಎಂದು ಕೇಳಿದರೆ ಸಂಸ್ಥಾಪಕರು ಕಂಪನಿಯ ಪರವಾಗಿ ನಿರ್ಧಾರ ತೆಗೆದುಕೊಳ್ಳಬೇಕಾಗುತ್ತದೆ. 15 ನಿಮಿಷದ ಮಾತಿಗೆ ಒಪ್ಪಲು ಅಂಥ ನಿರ್ಧಾರ ಬೇಕಿಲ್ಲ. ಸ್ಟೈಪೆಂಡಿನ ವಿಷಯ ಈ ಪತ್ರದಲ್ಲಿ ಬರುವುದಿಲ್ಲ, ಆದರೆ "ಸಂಬಳವಿಲ್ಲದೆಯೂ ಮಾಡುತ್ತೇನೆ" ಎಂಬ ಮಾತೂ ಬರಬಾರದು. ಬೆಂಗಳೂರಿನಲ್ಲಿ ಎರಡು ತಿಂಗಳ ಪಿಜಿ ಬಾಡಿಗೆ ನಿಮ್ಮ ಮನೆಯವರ ಮೇಲೆ ಬೀಳುವ ಹೊರೆ. ಅದನ್ನು ಕೇಳುವ ಮೊದಲೇ ಬಿಟ್ಟುಕೊಡುವುದು ನಿಮಗೂ ನ್ಯಾಯವಲ್ಲ, ನಿಮ್ಮ ನಂತರ ಬರುವವರಿಗೂ ಅಲ್ಲ.

ಐದನೆಯ ಹಂತ: ಕಳುಹಿಸುವ ಮೊದಲು

ಪತ್ರವನ್ನು ಮೊದಲು ನಿಮಗೇ ಕಳುಹಿಸಿಕೊಂಡು ಮೊಬೈಲಿನಲ್ಲಿ ತೆರೆದು ನೋಡಿ. ನನಗೆ ಬಂದ ಒಳ್ಳೆಯ ಪತ್ರಗಳಲ್ಲಿಯೂ ಪದೇ ಪದೇ ಕಂಡ ದೋಷವೆಂದರೆ ತೆರೆಯದ ಲಿಂಕು. ಗೂಗಲ್ ಡ್ರೈವಿನ ಕಡತ "Restricted" ಎಂದೇ ಉಳಿದಿದ್ದರೆ ಓದುವವರಿಗೆ ಅನುಮತಿ ಕೇಳುವ ಪರದೆ ಕಾಣುತ್ತದೆ, ಅವರು ಅನುಮತಿ ಕೇಳಿ ಕಾಯುವುದಿಲ್ಲ. ಅದನ್ನು "Anyone with the link" ಎಂದು ಬದಲಿಸಿ, ನಿಮ್ಮ ಖಾತೆಗೆ ಲಾಗಿನ್ ಆಗಿರದ ಕಿಟಕಿಯಲ್ಲಿ ತೆರೆದು ಪರೀಕ್ಷಿಸಿ. ಟಿಪ್ಪಣಿಯನ್ನು ಒಂದೇ ಪುಟದ ಪಿಡಿಎಫ್ ಮಾಡಿ, ಕಡತದ ಹೆಸರಿನಲ್ಲಿ ನಿಮ್ಮ ಹೆಸರು ಇರಲಿ. ಹೈಸ್ಕೂಲಿನಲ್ಲಿದ್ದಾಗ ಜಿಮೇಲಿಗೆ ಕೊಟ್ಟ ಅಡ್ಡಹೆಸರು ಈಗಲೂ ಕಳುಹಿಸುವವರ ಜಾಗದಲ್ಲಿ ಕಾಣುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕೆಲಸ ಆರಂಭಿಸಬೇಕಾದ ದಿನಕ್ಕಿಂತ ಆರರಿಂದ ಎಂಟು ವಾರ ಮೊದಲು ಪತ್ರ ಹೋಗಬೇಕು. ಸೋಮವಾರ ಬೆಳಿಗ್ಗೆ ಮತ್ತು ಶುಕ್ರವಾರ ಸಂಜೆಯನ್ನು ಬಿಟ್ಟರೆ ದಿನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆರನೆಯ ಹಂತ: ಉತ್ತರ ಬಂದಾಗ ಮತ್ತು ಬಾರದಿದ್ದಾಗ

ಏಳೆಂಟು ದಿನಗಳವರೆಗೆ ಉತ್ತರ ಬಾರದಿದ್ದರೆ ಅದೇ ಪತ್ರಕ್ಕೆ ಪ್ರತ್ಯುತ್ತರವಾಗಿ ಇನ್ನೊಮ್ಮೆ ಬರೆಯಿರಿ, ಆದರೆ "ನನ್ನ ಪತ್ರ ನೋಡಿದಿರಾ" ಎಂದು ಕೇಳಬೇಡಿ. ಹೊಸದೇನನ್ನಾದರೂ ಸೇರಿಸಿ. ನಮ್ಮ ವಿದ್ಯಾರ್ಥಿನಿ ಆ ವಾರದಲ್ಲಿ ಚಿಕ್ಕಪ್ಪನ ಸಾಧನದ ಸಿಮ್ ಬದಲಿಸಿ ಇನ್ನೂ ಐದು ಸಲ ಅಳೆದಿದ್ದರೆ, "ಬೇರೆ ನೆಟ್‌ವರ್ಕಿನ ಸಿಮ್ ಹಾಕಿದಾಗಲೂ ತಡ ಕಡಿಮೆಯಾಗಲಿಲ್ಲ, ಪಟ್ಟಿಯನ್ನು ಸೇರಿಸಿದ್ದೇನೆ" ಎಂಬ ಎರಡು ಸಾಲು ಸಾಕು. ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ.

"ರೆಸ್ಯೂಮೆ ಕಳುಹಿಸಿ" ಎಂದಷ್ಟೇ ಉತ್ತರ ಬಂದರೆ ಅದೇ ದಿನ ಕಳುಹಿಸಿ, ಜೊತೆಗೆ ಪ್ರಸ್ತಾವದ ಒಂದು ವಾಕ್ಯವನ್ನು ಮತ್ತೆ ಬರೆಯಿರಿ, ಏಕೆಂದರೆ ಆ ರೆಸ್ಯೂಮೆ ಬೇರೆಯವರ ಕೈಗೆ ಹೋಗುವಾಗ ಮೊದಲ ಪತ್ರ ಜೊತೆಗಿರದೆ ಹೋಗಬಹುದು. "ಈಗ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ" ಎಂದರೆ ಧನ್ಯವಾದ ಹೇಳಿ, ಯಾವ ತಿಂಗಳಲ್ಲಿ ಮತ್ತೆ ಬರೆಯಬಹುದು ಎಂದು ಕೇಳಿ. ಅವರು ಹೇಳಿದ ತಿಂಗಳಲ್ಲಿ ಅದೇ ಪತ್ರದ ಕೆಳಗೆ ಬರೆದರೆ ಹಿಂದಿನದೆಲ್ಲ ಅವರ ಕಣ್ಣ ಮುಂದೆಯೇ ಇರುತ್ತದೆ.

ಫೋನಿನಲ್ಲಿ ಮಾತನಾಡುವಾಗ ಅವರು ನಿಮ್ಮ ಕೆಲಸದ ಪ್ರಸ್ತಾವವನ್ನು ಬದಲಾಯಿಸುವ ಸಾಧ್ಯತೆ ಇದೆ: "ಅದನ್ನು ನಾವು ಸರಿಪಡಿಸುತ್ತಿದ್ದೇವೆ, ಆದರೆ ಪರೀಕ್ಷಾ ವ್ಯವಸ್ಥೆಯನ್ನು ಹೊಸ ಮಾದರಿಗೆ ಕಟ್ಟಿಕೊಡಬಲ್ಲಿರಾ?" ಎಂದು ಕೇಳಬಹುದು. ಇದು ಒಳ್ಳೆಯ ಸೂಚನೆ, ಹಿಂಜರಿಯಬೇಡಿ. ಮಾತು ಒಪ್ಪಿಗೆಯ ಕಡೆಗೆ ತಿರುಗಿದಾಗ ಸ್ಟೈಪೆಂಡ್ ಎಷ್ಟು, ಯಾರ ಕೈಕೆಳಗೆ ಕೆಲಸ, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬ ಮೂರನ್ನು ನೇರವಾಗಿ ಕೇಳಿ. ಬಳಿಕ ಕಂಪನಿಯ ಲೆಟರ್‌ಹೆಡ್‌ನಲ್ಲಿ ದಿನಾಂಕಗಳಿರುವ ಪತ್ರವನ್ನು ಪಡೆಯಿರಿ. ಕಾಲೇಜಿನ ಅನುಮತಿಗೂ ಇಂಟರ್ನ್‌ಶಿಪ್ ಅಂಕಗಳಿಗೂ ಅದು ಬೇಕಾಗುತ್ತದೆ. ತರಬೇತಿ ಶುಲ್ಕ, ಠೇವಣಿ, ಲ್ಯಾಪ್‌ಟಾಪ್ ಭದ್ರತೆ ಎಂದು ನಿಮ್ಮಿಂದಲೇ ಹಣ ಕೇಳಿದರೆ ಆ ಕಂಪನಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಐದು ಪತ್ರಗಳೂ ಹೋದ ಮೇಲೆ, ಎಲ್ಲಿ ನಿಂತಿತು ಎಂಬುದನ್ನು ನೋಡಿ ಮುಂದಿನ ಐದನ್ನು ತಿದ್ದಬಹುದು. ಒಂದಕ್ಕೂ ಉತ್ತರವಿಲ್ಲದಿದ್ದರೆ ದೋಷವು ಹೆಚ್ಚಾಗಿ ಕಂಪನಿಯ ಆಯ್ಕೆಯಲ್ಲಿ ಅಥವಾ ವಿಷಯದ ಸಾಲಿನಲ್ಲಿ ಇರುತ್ತದೆ. ಉತ್ತರಗಳು ಬಂದರೂ ಎಲ್ಲವೂ "ಎಚ್ಆರ್‌ಗೆ ಕಳುಹಿಸಿ" ಎಂದೇ ಇದ್ದರೆ, ಅವರಿಗೆ ನಿಮ್ಮ ಪತ್ರದಲ್ಲಿ ಕೆಲಸ ಕಾಣಿಸಿಲ್ಲ, ಅರ್ಜಿ ಮಾತ್ರ ಕಾಣಿಸಿದೆ. ಆಗ ಎರಡನೆಯ ಹಂತಕ್ಕೆ ಹಿಂದಿರುಗಿ ಇನ್ನೊಂದು ಸಂಜೆ ಕೂರಬೇಕು. ಫೋನಿನವರೆಗೂ ಬಂದು ನಿಲ್ಲುತ್ತಿದ್ದರೆ, ಹೇಳಿದ ಕೆಲಸವನ್ನು ನೀವು ಮಾಡಬಲ್ಲಿರಿ ಎಂಬುದಕ್ಕೆ ಪುರಾವೆ ಸಾಲದಾಗಿದೆ ಎಂದರ್ಥ. ನಮ್ಮ ವಿದ್ಯಾರ್ಥಿನಿಯ ಮಟ್ಟಿಗೆ ಅದರ ಪರಿಹಾರ, ಒಂದು ರಿಲೇ ಮತ್ತು ತನ್ನಲ್ಲಿರುವ ಇಎಸ್‌ಪಿ32 ಬೋರ್ಡನ್ನು ಬಳಸಿ ಆ ಪರೀಕ್ಷಾ ವ್ಯವಸ್ಥೆಯ ಚಿಕ್ಕ ಮಾದರಿಯನ್ನು ಹಾಸ್ಟೆಲ್ ಕೋಣೆಯಲ್ಲೇ ಕಟ್ಟಿ, ಅದು ಒಂದು ರಾತ್ರಿಯಿಡೀ ಓಡಿದ ದಾಖಲೆಯನ್ನು ಮುಂದಿನ ಪತ್ರದೊಂದಿಗೆ ಕಳುಹಿಸುವುದು.